ಎಸಿ ಆಫೀಸಿಗೆ ಶ್ರಗ್ಗೇ ಯಾಕೆ: ಅತ್ತಿಗೆಗೆ ಹೆಣೆದ ಅನುಭವ

ಉಡುಪಿಯಲ್ಲಿ ಕೂತು ಸ್ವೆಟರ್ ಹೆಣೆಯುತ್ತೇನೆ ಅಂದರೆ "ಈ ಸೆಕೆಗೆ ಅದು ಯಾರಿಗೆ?" ಅಂತ ಕೇಳುವವರೇ ಜಾಸ್ತಿ. ಬೇಕಾದವರು ತುಂಬ ಜನ ಇದ್ದಾರೆ. ಎಸಿ ಆಫೀಸಿನವರು, ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಮಾಡುವವರು, ಶಿರಾಡಿ ಘಾಟಿ ಹತ್ತಿ ಬೆಂಗಳೂರಿಗೆ ಹೋಗುವ ರಾತ್ರಿ ಬಸ್ಸಿನವರು. ಒಳಗೆ ಇರುವಷ್ಟು ಹೊತ್ತು ಚಳಿ, ಬಾಗಿಲು ದಾಟಿದರೆ ಬೆವರು. ಅದಕ್ಕೇ ಯಾರಾದರೂ ಹೆಣೆದು ಕೊಡಿ ಅಂದರೆ ನಾನು ಎರಡೇ ಪ್ರಶ್ನೆ ಕೇಳುತ್ತೇನೆ. ದಿನಕ್ಕೆ ಎಷ್ಟು ಸಲ ತೆಗೆದು ಹಾಕುತ್ತೀರಿ? ಒಳಗೆ ಏನು ಉಟ್ಟಿರುತ್ತೀರಿ?

ಅತ್ತಿಗೆ ಮಂಗಳೂರಿನ ಒಂದು ಬ್ಯಾಂಕಿನಲ್ಲಿ ಕೆಲಸ ಮಾಡುತ್ತಾರೆ. ಎಸಿಯ ಗಾಳಿ ನೇರ ಅವರ ಬೆನ್ನಿಗೇ ಬೀಳುತ್ತದೆ. ಒಂದು ದಿನ ಸೀರೆ, ಒಂದು ದಿನ ಚೂಡಿದಾರ. ಅಂಗಡಿಯಿಂದ ತಂದ ಒಂದು ಶ್ರಗ್ ಅವರ ಹತ್ತಿರ ಇತ್ತು. "ಹೆಗಲಲ್ಲಿ ನಿಲ್ಲುವುದೇ ಇಲ್ಲ ಮಾರಾಯ್ತಿ, ಹಾಕಿಕೊಂಡದ್ದಕ್ಕಿಂತ ಎಳೆದುಕೊಂಡದ್ದೇ ಹೆಚ್ಚು. ನೀನು ಬೇರೆ ಏನಾದರೂ ಮಾಡಿ ಕೊಡು" ಅಂದರು.

ಮೊದಲು ಪುಲ್‌ಓವರ್ ಲೆಕ್ಕದಿಂದ ಬಿಟ್ಟೆವು. ಅದು ಎಲ್ಲ ಕಡೆ ಮುಚ್ಚಿದ ಕೊಳವೆ. ಮುಂದೆ, ಹಿಂದೆ ಎರಡೂ ಒಂದೇ ಸಮ ತೂಗುವುದರಿಂದ ಆಕಾರ ಕೆಡುವುದು ಕಡಿಮೆ, ಸ್ಕೂಟರಿನಲ್ಲಿ ಎದೆಗೆ ಗಾಳಿ ತಾಗುವುದಿಲ್ಲ. ಆದರೆ ಪ್ರತಿ ಸಲವೂ ತಲೆಯ ಮೇಲಿಂದಲೇ ತೆಗೆಯಬೇಕು. ಕನ್ನಡಕ, ಕಿವಿಯೋಲೆ, ಮುಡಿದ ಶಂಕರಪುರ ಮಲ್ಲಿಗೆ ಎಲ್ಲ ಅದರ ದಾರಿಯಲ್ಲೇ. ಸೀರೆಯ ಮೇಲಂತೂ ಆಗದ ಮಾತು.

ಕಾರ್ಡಿಗನ್ ಬಗ್ಗೆ ಸ್ವಲ್ಪ ಹೆಚ್ಚು ಹೊತ್ತು ಯೋಚಿಸಿದೆ. ಮುಂದೆ ತೆರೆದಿರುವುದರಿಂದ ಹಾಕುವುದೂ ತೆಗೆಯುವುದೂ ಸುಲಭ. ಕಷ್ಟ ಇರುವುದೂ ಆ ತೆರೆದ ಜಾಗದಲ್ಲೇ. ಎದುರಿನ ಎರಡು ಭಾಗಗಳು ಹೆಗಲಿನಿಂದ ಸುಮ್ಮನೆ ನೇತಾಡುತ್ತವೆ, ಮೇಲಿಂದ ಗುಂಡಿಗಳ ಭಾರ. ಉಣ್ಣೆಗೆ ಹಿಗ್ಗಿದರೂ ಮತ್ತೆ ಕುಗ್ಗುವ ಗುಣ ಉಂಟು. ನಮ್ಮ ಸೆಕೆಗೆ ಹೊಂದುವ ಹತ್ತಿ ನೂಲಿಗೆ ಅದು ಅಷ್ಟಿಲ್ಲ, ಭಾರವೂ ಜಾಸ್ತಿ. ಹಾಗಾಗಿ ಹತ್ತಿಯ ಕಾರ್ಡಿಗನ್ ಹಾಕುತ್ತಾ ಹೋದಂತೆ ಬೆನ್ನಿಗಿಂತ ಎದುರು ಭಾಗ ಉದ್ದವಾಗುತ್ತದೆ. ಹತ್ತಿಯಲ್ಲಿ ಕಾರ್ಡಿಗನ್ ಮಾಡುವಾಗ ನಾನು ಭಾಗಗಳನ್ನು ಬೇರೆ ಬೇರೆ ಹೆಣೆದು ಹೊಲಿಯುತ್ತೇನೆ, ಆ ಹೊಲಿಗೆಯೇ ಭಾರ ಹೊರುತ್ತದೆ. ಹೆಗಲಿನ ಹೊಲಿಗೆಗೆ ಮತ್ತು ಗುಂಡಿ ಪಟ್ಟಿಯ ಒಳಮೈಗೆ ಹತ್ತಿಯ ಟೇಪು ಕೊಡುತ್ತೇನೆ. ಅಷ್ಟು ಮಾಡಿದರೆ ನಿಲ್ಲುತ್ತದೆ. ಆದರೆ ಅತ್ತಿಗೆ ಸೀರೆಗೆ ನೆರಿಗೆ ಹಿಡಿದು ಹೆಗಲಿಗೆ ಪಿನ್ ಹಾಕುವವರು. ಕಾರ್ಡಿಗನ್ನಿನ ಕಂಕುಳಿನಲ್ಲಿ ಆ ಸೆರಗು ಮುದ್ದೆಯಾಗುತ್ತದೆ.

ಶ್ರಗ್ಗಿಗೆ ಎದುರು ಭಾಗವೇ ಇಲ್ಲ. ಎರಡು ತೋಳು, ನಡುವೆ ಬೆನ್ನು, ಅಷ್ಟೇ. ಅವರಿಗೆ ಚಳಿ ತಾಗುವುದೂ ಅಲ್ಲಿಯೇ ಅಲ್ವಾ? ಸೆರಗಿನ ನೆರಿಗೆ ಎದುರಿಗೆ ಹಾಗೇ ಉಳಿಯುತ್ತದೆ. ಹೆಗಲಿನಿಂದ ಜಾರುವ ಸಮಸ್ಯೆಗೆ ಕಾರಣ ಗೊತ್ತಾದರೆ ಸಾಕಿತ್ತು. ಅವರ ಹಳೆಯ ಶ್ರಗ್ಗನ್ನು ಮೇಜಿನ ಮೇಲೆ ಹರಡಿ ನೋಡಿದೆ. ಅಂಚಿಗೆ ರಿಬ್ ಇರಲಿಲ್ಲ, ಬರೀ ಮಡಚಿ ಹೊಲಿದಿದ್ದರು. ಹಿಡಿದುಕೊಳ್ಳುವುದಕ್ಕೆ ಏನೂ ಇಲ್ಲ. ಶ್ರಗ್ ಮೈಮೇಲೆ ನಿಲ್ಲುವುದು ಕತ್ತಿನ ಹಿಂದಿನಿಂದ ಕಂಕುಳಿನ ಕೆಳಗೆ ಹಾದು ಬೆನ್ನಿಗೆ ಸುತ್ತು ಬರುವ ಆ ಒಂದು ಅಂಚಿನ ಬಲದಿಂದ.

ಇನ್ನೊಂದು ವಿಷಯ. ನಾನು ಶ್ರಗ್ಗನ್ನು ಒಂದು ತೋಳಿನ ತುದಿಯಿಂದ ಇನ್ನೊಂದು ತೋಳಿನ ತುದಿಗೆ, ಒಂದೇ ಉದ್ದ ಪಟ್ಟಿಯಾಗಿ ಹೆಣೆಯುತ್ತೇನೆ. ಆಗ ಬೆನ್ನಿನ ಮೇಲೆ ಹೆಣಿಗೆ ಅಡ್ಡ ಮಲಗಿರುತ್ತದೆ. ಹೆಣೆದ ಬಟ್ಟೆ ಉದ್ದಕ್ಕಿಂತ ಅಗಲಕ್ಕೇ ಸುಲಭವಾಗಿ ಹಿಗ್ಗುತ್ತದೆ, ಇಲ್ಲಿ ಆ ಅಗಲವೇ ಕೆಳಗೆ ತೂಗುತ್ತದೆ. ಅದಕ್ಕೆ ಮಾದರಿ ತುಂಡನ್ನು 15 ಸೆಂ.ಮೀ. ಚೌಕ ಹೆಣೆದು, ಒಗೆದು, ಅಡ್ಡ ತಿರುಗಿಸಿ ಹಗ್ಗಕ್ಕೆ ಸಿಕ್ಕಿಸಿ, ಕೆಳಗೆ ಬಟ್ಟೆ ಕ್ಲಿಪ್ಪುಗಳ ಭಾರ ಕೊಟ್ಟು ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ 16.5 ಸೆಂ.ಮೀ. ಆಗಿತ್ತು. ಅಂದರೆ ನೂರಕ್ಕೆ ಹತ್ತು ಇಳಿತ.

4 ಎಂಎಂ ಕಡ್ಡಿಯಲ್ಲಿ 10 ಸೆಂ.ಮೀ.ಗೆ 20 ಕುಣಿಕೆ, 28 ಸಾಲು ಬರುತ್ತಿತ್ತು. ಬೆನ್ನಿಗೆ 40 ಸೆಂ.ಮೀ. ಬೇಕು ಅಂದರೆ 80 ಕುಣಿಕೆ. ಇಳಿತ ಲೆಕ್ಕ ಹಿಡಿದು 72 ಇಟ್ಟುಕೊಂಡೆ. ತೋಳಿನ ತುದಿಗೆ 58 ಕುಣಿಕೆಯಿಂದ ಶುರು ಮಾಡಿ, ಎರಡು ಸೀದಾ ಎರಡು ಉಲ್ಟಾ ರಿಬ್ ಹಾಕಿ, ಆಮೇಲೆ ಒಂದೇ ಸಾಲಿನಲ್ಲಿ 14 ಹೆಚ್ಚಿಸಿ 72 ಮಾಡಿದೆ. ಅತ್ತಿಗೆ ಕೈಗಳನ್ನು ಕೀಬೋರ್ಡಿನ ಮೇಲೆ ಇಟ್ಟ ಹಾಗೆ ಮುಂದೆ ಚಾಚಿ ನಿಂತರು. ಒಂದು ಮೊಣಕೈಯ ಸ್ವಲ್ಪ ಕೆಳಗಿನಿಂದ ಬೆನ್ನ ಮೇಲೆ ಹಾದು ಇನ್ನೊಂದರವರೆಗೆ ಅಳೆದಾಗ 110 ಸೆಂ.ಮೀ. ಬಂತು. ಕೈ ಇಳಿಬಿಟ್ಟು ಅಳೆದರೆ ಅಳತೆ ಕಡಿಮೆ ಬರುತ್ತದೆ, ಕೈ ಚಾಚಿದಾಗ ಬೆನ್ನು ಬಿಗಿಯುತ್ತದೆ. ತುದಿಯ ರಿಬ್ಬೂ ಸೇರಿ ಅಷ್ಟು ಉದ್ದ ಹೆಣೆದೆ.

ಆಮೇಲೆ ಪಟ್ಟಿಯನ್ನು ಉದ್ದಕ್ಕೆ ಮಡಚಿ, ಎರಡೂ ತುದಿಯಿಂದ ಒಳಗೆ ಪಿನ್ ಹಾಕುತ್ತಾ ಬಂದೆ. ಪಿನ್ ಹಾಕಿದ್ದು ತೋಳು, ನಡುವೆ ಉಳಿದದ್ದು ಮೈ ತೂರುವ ಬಾಯಿ. ಇಲ್ಲಿ ಅವಸರ ಬೇಡ. ಬಾಯಿ 66 ಸೆಂ.ಮೀ. ಇಟ್ಟಾಗ ಹೆಗಲು ಜಾರಿತು. 54ಕ್ಕೆ ತಂದಾಗ ಕಂಕುಳು ಕಚ್ಚಿತು. 60ರಲ್ಲಿ ಕೈ ಎತ್ತಿದರೂ ಬಗ್ಗಿದರೂ ಸರಿ ಕೂತಿತು. ಅಂದರೆ ಆಚೀಚೆ 25 ಸೆಂ.ಮೀ. ಹೊಲಿಗೆ.

ಬಾಯಿಯ ಸುತ್ತ ರಿಬ್ ಹಾಕುವುದು ಕೊನೆಯ ಕೆಲಸ. ಒಂದೊಂದು ಬದಿಯಲ್ಲಿ 168 ಸಾಲು. ಪ್ರತಿ ನಾಲ್ಕು ಸಾಲಿಗೆ ಮೂರು ಕುಣಿಕೆ ಎತ್ತಿಕೊಂಡರೆ 126, ಎರಡೂ ಬದಿ ಸೇರಿ 252. ನಾಲ್ಕರಿಂದ ಸರಿಯಾಗಿ ಭಾಗವಾಗುವುದರಿಂದ ರಿಬ್ ಎಲ್ಲಿಯೂ ತಪ್ಪದೆ ಸುತ್ತು ಬರುತ್ತದೆ. 3.5 ಎಂಎಂ ಸುತ್ತುಕಡ್ಡಿಯಲ್ಲಿ 5 ಸೆಂ.ಮೀ. ಹೆಣೆದೆ. ಅಂಚು ಅಲೆಅಲೆಯಾಗಿ ಎದ್ದರೆ ಎತ್ತಿದ ಕುಣಿಕೆ ಜಾಸ್ತಿಯಾಗಿದೆ ಅಂತ, ಬಟ್ಟೆಯನ್ನು ಒಳಗೆ ಎಳೆದು ಸುಕ್ಕು ಮಾಡಿದರೆ ಕಡಿಮೆಯಾಗಿದೆ ಅಂತ. ಕಾರ್ಡಿಗನ್ನಿನ ಗುಂಡಿ ಪಟ್ಟಿಯನ್ನೂ ಹೀಗೇ ನೋಡಿ ತಿಳಿದುಕೊಳ್ಳಬಹುದು. ಮುಗಿಸುವ ಸಾಲು ಬಿಗಿಯಾಗಬಾರದು, ಅದಕ್ಕೆ ದಪ್ಪ ಕಡ್ಡಿ ತೆಗೆದುಕೊಂಡೆ. ಒಟ್ಟು ಸುಮಾರು 300 ಗ್ರಾಂ ಹತ್ತಿ ನೂಲು ಹಿಡಿಯಿತು.

ಅತ್ತಿಗೆಯದ್ದನ್ನು ನೋಡಿ ಅತ್ತೆಯೂ ಶ್ರಗ್ ಕೇಳಿದರು. ಅವರಿಗೆ ಬೇಕಾಗಿದ್ದು ರಾತ್ರಿ ಬಸ್ಸಿಗೆ, ಹೆಗಲು ನೋವಿನಿಂದ ಕೈ ಹಿಂದಕ್ಕೆ ಹೋಗುವುದಿಲ್ಲ. ಅವರಿಗೆ ಪೊಂಚೊ ಮಾಡಿದೆ. ಅದಕ್ಕೆ ತೋಳೇ ಇಲ್ಲ, ಸೆರಗಿನ ಮೇಲೆ ಹಾಗೇ ಇಳಿಯುತ್ತದೆ. 45 ಅಗಲ, 75 ಸೆಂ.ಮೀ. ಉದ್ದದ ಎರಡು ಪಟ್ಟಿ. ಒಂದರ ಗಿಡ್ಡ ಅಂಚನ್ನು ಇನ್ನೊಂದರ ಉದ್ದ ಅಂಚಿನ ತುದಿಗೆ, ಅದರದ್ದನ್ನು ಇದಕ್ಕೆ ಹೊಲಿದರೆ ಆಯಿತು. 75ರಲ್ಲಿ 45 ಹೊಲಿಗೆಗೆ ಹೋಗಿ ಒಂದೊಂದು ಕಡೆ 30 ಉಳಿಯುತ್ತದೆ, ಸುತ್ತು 60 ಸೆಂ.ಮೀ. ಕುತ್ತಿಗೆ. ಇದೂ ತಲೆಯ ಮೇಲಿಂದಲೇ ಹಾಕುವಂಥದ್ದು, ಆದರೆ ಅಷ್ಟು ಸಡಿಲ ಇರುವುದರಿಂದ ಕೈ ಹಿಂದೆ ತಿರುಗಿಸಬೇಕಿಲ್ಲ. ಪೂರ್ತಿ ಭಾರ ಕುತ್ತಿಗೆಯ ಸುತ್ತಲೇ ಬೀಳುವುದರಿಂದ ಅಲ್ಲಿ ಒಂದು ಸುತ್ತು ಕ್ರೋಶಾ ಬಿಗಿಯಾಗಿ ಹಾಕಬೇಕು, ಇಲ್ಲದಿದ್ದರೆ ಬಾಯಿ ಅಗಲವಾಗುತ್ತಾ ಹೋಗುತ್ತದೆ. ಕೈ ಎತ್ತಿದರೆ ಬಟ್ಟೆ ಪೂರ್ತಿ ಮೇಲೆ ಬರುತ್ತದೆ, ಹಾಗಾಗಿ ಕೂತಿರುವಾಗಲಷ್ಟೇ ಪೊಂಚೊ ಚೆಂದ. ಬ್ಯಾಗ್ ಹೆಗಲಿಗೆ ಹಾಕುವವರಿಗೆ, ಸ್ಕೂಟರ್ ಓಡಿಸುವವರಿಗೆ ನಾನು ಮಾಡಿ ಕೊಡುವುದಿಲ್ಲ.

ಇವನ್ನೆಲ್ಲ ಒಗೆದ ಮೇಲೆ ಹ್ಯಾಂಗರಿಗೆ ಹಾಕಬೇಡಿ, ನೀರಿನ ಭಾರಕ್ಕೇ ಅಳತೆ ತಪ್ಪುತ್ತದೆ. ಟವೆಲಿನಲ್ಲಿ ಸುತ್ತಿ ಹಿಂಡಿ, ಚಾಪೆಯ ಮೇಲೆ ಹರಡಿ ಫ್ಯಾನ್ ಹಾಕಿ. ಆಟಿಯ ಮಳೆಯಲ್ಲಿ ಹತ್ತಿ ಹೆಣಿಗೆ ಒಂದೇ ದಿನದಲ್ಲಿ ಒಣಗುವುದಿಲ್ಲ. ನಡುವೆ ಮಗುಚಿ ಹಾಕಿ, ರಿಬ್ ಪೂರ್ತಿ ಒಣಗಿದೆಯಾ ಅಂತ ಮುಟ್ಟಿ ನೋಡಿಯೇ ಕಪಾಟಿಗೆ ಇಡಿ.