ಪಂಪ್‌ರೂಮಿನ ಪ್ರೆಶರ್ ಗೇಜ್: ಕೂರಿಸುವುದು ಎಲ್ಲಿ, ಓದುವುದು ಹೇಗೆ?

ನಾಲ್ಕೈದು ಮಹಡಿಯ ಅಪಾರ್ಟ್‌ಮೆಂಟ್. ಕೆಳಗೆ ಸಂಪ್, ಮೇಲೆ ಟ್ಯಾಂಕ್. ಪಂಪ್‌ರೂಮಿನಲ್ಲಿ ಗೇಜ್ ಇರುತ್ತದೆ, ಆದರೆ ಮುಳ್ಳು ಎಲ್ಲೋ ಸಿಕ್ಕಿಕೊಂಡಿರುತ್ತದೆ. ಹೊಸದು ಹಾಕುವ ಮುನ್ನ ಸ್ವಲ್ಪ ಲೆಕ್ಕ ಮಾಡೋಣ.

10 ಮೀಟರ್ ಎತ್ತರದ ನೀರು ಅಂದರೆ ಹೆಚ್ಚುಕಡಿಮೆ 1 ಕೆಜಿ ಪ್ರೆಶರ್, ಅಂದರೆ ಚದರ ಸೆಂಟಿಮೀಟರಿಗೆ 1 ಕೆಜಿ. ಗೇಜಿನಿಂದ ಟ್ಯಾಂಕಿಗೆ 20 ಮೀಟರ್ ಇದ್ದರೆ 2 ಕೆಜಿ. ಪೈಪಿನ ತಿಕ್ಕಾಟ ಸೇರಿ ಪಂಪ್ ಓಡುವಾಗ 2.5 ಬರುತ್ತದೆ ಅಂತಿಟ್ಟುಕೊಳ್ಳಿ. ಗೇಟ್ ವಾಲ್ವ್ ಮುಚ್ಚಿದರೆ ಇದೇ ಪಂಪ್ 3.5 ತನಕ ಏರಬಹುದು. ಹಾಗಾಗಿ 0–4ರ ಗೇಜ್ ಬೇಡ, ಒಂದೇ ಹೊಡೆತಕ್ಕೆ ಒಳಗಿನ ಟ್ಯೂಬ್ ಸೊಟ್ಟಗಾಗುತ್ತದೆ. 0–21ರದ್ದು ತಂದರೆ ಮುಳ್ಳು ಬುಡದಲ್ಲೇ ಇರುತ್ತದೆ, ಸಣ್ಣ ವ್ಯತ್ಯಾಸ ಕಾಣುವುದೇ ಇಲ್ಲ. 0–7 ಸರಿ.

ಜಾಗ? ಎನ್‌ಆರ್‌ವಿ, ಅಂದರೆ ನೀರು ಹಿಂದಕ್ಕೆ ಹರಿಯದಂತೆ ತಡೆಯುವ ವಾಲ್ವ್, ಮತ್ತು ಗೇಟ್ ವಾಲ್ವ್ ನಡುವೆ, ಬೆಂಡಿನಿಂದ ಆದಷ್ಟು ದೂರ, ನೇರ ಪೈಪಿನಲ್ಲಿ. ತೂತು ಪೈಪಿನ ಪಕ್ಕದಲ್ಲಿರಲಿ. ಮೇಲಿದ್ದರೆ ಗಾಳಿ ಕೂರುತ್ತದೆ, ಕೆಳಗಿದ್ದರೆ ಮರಳು. ಒಳಗೆ ಎದ್ದ ಚೂಪು ಅಂಚನ್ನು ಅರದಿಂದ ಉಜ್ಜಿ ತೆಗೆಯಿರಿ.

ಮೊದಲು ಸಣ್ಣ ಬಾಲ್ ವಾಲ್ವ್, ಆಮೇಲೆ ಸ್ನಬ್ಬರ್, ಕೊನೆಗೆ ಗೇಜ್. ವಾಲ್ವ್ ಇದ್ದರೆ ಲೈನ್ ಖಾಲಿ ಮಾಡದೆ ಗೇಜ್ ಬದಲಿಸಬಹುದು. ಟೆಫ್ಲಾನ್ ಟೇಪ್ ಸುತ್ತುವಾಗ ಮೊದಲ ಎಳೆ ಬಿಟ್ಟುಬಿಡಿ, ಇಲ್ಲದಿದ್ದರೆ ಟೇಪಿನ ಚೂರು ತೂತಿಗೆ ಹೋಗುತ್ತದೆ. ಡಯಲ್ ಹಿಡಿದು ತಿರುಗಿಸಬೇಡಿ. ಕೆಳಗಿನ ಚೌಕಕ್ಕೆ ಸ್ಪ್ಯಾನರ್ ಹಾಕಿ.

ಸ್ನಬ್ಬರ್ ಅಂದರೆ ನೀರಿನ ಹೊಡೆತಕ್ಕೆ ಅಡ್ಡವಾಗಿ ನಿಲ್ಲುವ ಕಿರಿದಾದ ದಾರಿ. ಸಣ್ಣ ರಂಧ್ರಗಳ ಲೋಹದ ಬಿಲ್ಲೆ ಇರುವುದು ನಮ್ಮ ಬೋರ್‌ವೆಲ್ ನೀರಿಗೆ ಹಿಡಿಸುವುದಿಲ್ಲ. ಮರಳು, ಸುಣ್ಣದಿಂದ ಬೇಗ ಕಟ್ಟಿಕೊಳ್ಳುತ್ತದೆ. ತಿರುಪು ತಿರುಗಿಸಿ ಹೊಂದಿಸುವಂಥದ್ದು ತನ್ನಿ. ಪಂಪ್ ಓಡುವಾಗ ನಿಧಾನವಾಗಿ ಬಿಗಿಮಾಡಿ, ಮುಳ್ಳು ಅಲ್ಪಸ್ವಲ್ಪ ನಡುಗುವಾಗಲೇ ನಿಲ್ಲಿಸಿ. ಪೂರ್ತಿ ಸ್ತಬ್ಧವಾದರೆ ಅದು ಹಳೇ ಪ್ರೆಶರನ್ನೇ ತೋರಿಸುತ್ತಿರಬಹುದು. ಗ್ಲಿಸರಿನ್ ತುಂಬಿದ ಗೇಜ್ ಮುಳ್ಳಿನ ನಡುಕ ಇಳಿಸುತ್ತದೆ, ಆದರೆ ನೀರಿನ ಹೊಡೆತ ಟ್ಯೂಬಿಗೆ ಬಡಿಯುವುದು ತಪ್ಪುವುದಿಲ್ಲ.

ಈಗ ಓದುವುದು. ಮುಳ್ಳು 2.4–2.6ರ ನಡುವೆ ಒಂದೇ ಲಯದಲ್ಲಿ ನಡುಗಿದರೆ ಚಿಂತೆಯಿಲ್ಲ, ಮಧ್ಯದ್ದನ್ನು ಬರೆದುಕೊಳ್ಳಿ. 2.5ರಿಂದ ಒಮ್ಮೆ 1.6ಕ್ಕೆ ಕುಸಿದು, ಮತ್ತೆ ಏರಿ, ಹೊತ್ತುಗೊತ್ತಿಲ್ಲದೆ ಕುಣಿದರೆ ಪಂಪ್ ಗಾಳಿ ಎಳೆಯುತ್ತಿದೆ. ಮೊದಲು ಸಂಪಿನ ಮಟ್ಟ ನೋಡಿ, ಆಮೇಲೆ ಸಕ್ಷನ್ ಪೈಪಿನ ಜೋಡಣೆ. ನಿಲ್ಲಿಸಿದ ಕ್ಷಣ ದಡಕ್ಕನೆ ಸದ್ದಾಗಿ ಮುಳ್ಳು ಮೇಲಕ್ಕೆ ಹಾರಿದರೆ ಎನ್‌ಆರ್‌ವಿ ತಡವಾಗಿ ಮುಚ್ಚುತ್ತಿದೆ.

ಪಂಪ್ ನಿಂತ ಮೇಲೂ ಐದು ನಿಮಿಷ ಅಲ್ಲೇ ಇರಿ. ಗೇಟ್ ವಾಲ್ವ್ ತೆರೆದಿದ್ದರೆ ಮುಳ್ಳು 2ರ ಹತ್ತಿರ ನಿಲ್ಲಬೇಕು, ಮೇಲಕ್ಕೇರಿದ ನೀರು ಪೈಪಿನಲ್ಲೇ ಇದೆಯಲ್ವಾ? ಮೆಲ್ಲಗೆ ಇಳಿಯುತ್ತಾ ಹೋದರೆ ಎಲ್ಲೋ ಸೋರುತ್ತಿದೆ. ಜೊತೆಗೆ ಪಂಪಿನ ಶಾಫ್ಟ್ ಹಿಂದಕ್ಕೆ ತಿರುಗುತ್ತಿದ್ದರೆ ಪೈಪ್ ಹುಡುಕಬೇಡಿ, ಎನ್‌ಆರ್‌ವಿಯನ್ನೇ ಬಿಚ್ಚಿ.