ಸಿರಿಂಜ್ ಒತ್ತಿದರೆ ಬಣ್ಣ ಗಾಢವೋ, ತೆಳುವೋ?

ರಾಸಾಯನಿಕ ಸಮತೋಲನ ಯಾವ ಕಡೆ ಸರಿಯುತ್ತದೆ ಎಂಬ ಪ್ರಶ್ನೆಗೆ ಪಿಯುಸಿ ಮಕ್ಕಳ ಬಾಯಲ್ಲಿ ಉತ್ತರ ಸಿದ್ಧವಾಗಿರುತ್ತದೆ: "ಒತ್ತಡ ಹೆಚ್ಚಿದರೆ ಕಡಿಮೆ ಮೋಲ್ ಇರುವ ಕಡೆಗೆ." ಸಿಇಟಿಯಲ್ಲಿ ಅಂಕ ಬರಲು ಇಷ್ಟು ಸಾಕು. ಆದರೆ ಅದೇ ಮಕ್ಕಳಿಗೆ ಕಂದು ಅನಿಲ ತುಂಬಿದ ಸಿರಿಂಜ್ ತೋರಿಸಿ, ಒತ್ತಿದರೆ ಬಣ್ಣ ಏನಾಗುತ್ತದೆ ಎಂದು ಕೇಳಿದರೆ ಹೆಚ್ಚಿನವರು "ತೆಳುವಾಗುತ್ತದೆ" ಎನ್ನುತ್ತಾರೆ. ಪಕ್ಕದಿಂದ ನೋಡಿದರೆ ಅದು ತಪ್ಪು. ಈ ತಪ್ಪನ್ನೇ ಹಿಡಿದು, ಒಂದೇ ಅನಿಲದಲ್ಲಿ ಒತ್ತಡ, ಸಾರತೆ, ಉಷ್ಣತೆ ಮೂರನ್ನೂ ನಾನು ಹೇಗೆ ಬಿಡಿಸುತ್ತೇನೆ ಎಂಬುದು ಇಲ್ಲಿದೆ.

ಅನಿಲದ ಕ್ರಿಯೆ ಇದು: N₂O₄ ⇌ 2NO₂. ಎಡದ್ದಕ್ಕೆ ಬಣ್ಣವಿಲ್ಲ, ಬಲದ್ದು ಕಂದು. 25 ಡಿಗ್ರಿಯಲ್ಲಿ ಇದರ K ಸುಮಾರು 0.15. ಅಂದರೆ NO₂ ಆಂಶಿಕ ಒತ್ತಡದ ವರ್ಗವನ್ನು N₂O₄ ಆಂಶಿಕ ಒತ್ತಡದಿಂದ ಭಾಗಿಸಿದರೆ, ಎರಡನ್ನೂ ಬಾರ್‌ನಲ್ಲಿ ಇಟ್ಟಾಗ, 0.15 ಬರಬೇಕು. ಸಮತೋಲನ ಕೆಟ್ಟ ಕ್ಷಣದಲ್ಲಿ ಅದೇ ಭಾಗಾಕಾರಕ್ಕೆ Q ಎನ್ನುತ್ತೇವೆ. Q ದೊಡ್ಡದಾಗಿದ್ದರೆ ಕ್ರಿಯೆ ಎಡಕ್ಕೆ, ಚಿಕ್ಕದಾಗಿದ್ದರೆ ಬಲಕ್ಕೆ. ಲೆ ಶಾಟೆಲಿಯರ್ 1884ರಲ್ಲಿ ಹೇಳಿದ ತತ್ವ ದಿಕ್ಕನ್ನು ತೋರಿಸುತ್ತದೆ, ಎಷ್ಟು ದೂರ ಎಂದು ತೋರಿಸುವುದಿಲ್ಲ. ಹಾಗಾಗಿ ನಾನು ಮೊದಲ ದಿನದಿಂದಲೇ Q ಬರೆಸುತ್ತೇನೆ.

ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗಿಂತ ಮೇಲಿದೆ, ಇಲ್ಲಿ ಗಾಳಿಯ ಒತ್ತಡ ಸುಮಾರು 0.9 ಬಾರ್. 50 ಮಿಲಿಲೀಟರಿನ ಗಾಜಿನ ಸಿರಿಂಜ್‌ನಲ್ಲಿ ಒಣಗಿಸಿದ ಗಾಳಿಯೊಂದಿಗೆ ಈ ಅನಿಲವನ್ನು ಬೆರೆಸಿಟ್ಟಿದ್ದೇವೆ ಎನ್ನಿ. ಗಾಳಿಯ ಪಾಲು 0.60, NO₂ 0.15, N₂O₄ 0.15, ಒಟ್ಟು 0.90. ಭಾಗಿಸಿ ನೋಡಿ, 0.0225 ÷ 0.15 = 0.15. ಸಮತೋಲನದಲ್ಲಿದೆ.

ಈಗ ತುದಿ ಮುಚ್ಚಿ 25 ಮಿಲಿಲೀಟರಿಗೆ ಒತ್ತಿ. ಕ್ರಿಯೆ ಇನ್ನೂ ನಡೆದಿಲ್ಲ ಎಂದುಕೊಂಡರೆ ಎರಡೂ ಆಂಶಿಕ ಒತ್ತಡ 0.30ಕ್ಕೆ ಏರುತ್ತವೆ. Q = 0.09 ÷ 0.30 = 0.30. ಇದು Kಯ ಎರಡು ಪಟ್ಟು. ಮೇಲೆ ವರ್ಗವಿದೆ, ಕೆಳಗಿಲ್ಲ. ಎರಡನ್ನೂ ಇಮ್ಮಡಿಸಿದಾಗ ಮೇಲಿನದು ನಾಲ್ಕು ಪಟ್ಟಾಗುತ್ತದೆ. "ಕಡಿಮೆ ಮೋಲ್ ಕಡೆಗೆ" ಎಂಬ ಸೂತ್ರದ ಹಿಂದಿರುವುದು ಇಷ್ಟೇ. ಕ್ರಿಯೆ ಎಡಕ್ಕೆ ಸರಿಯಬೇಕು. N₂O₄ y ಬಾರ್‌ನಷ್ಟು ಹೆಚ್ಚಿದರೆ NO₂ 2y ಇಳಿಯುತ್ತದೆ:

(0.30 − 2y)² = 0.15 (0.30 + y)

ಬಿಡಿಸಿದರೆ y = 0.0375. ಕೊನೆಗೆ NO₂ 0.225, N₂O₄ 0.3375. ಮತ್ತೆ ಭಾಗಿಸಿದರೆ 0.15 ಬರುತ್ತದೆ.

NO₂ ಸಾಗಿದ ದಾರಿ ಗಮನಿಸಿ: 0.15ರಿಂದ 0.30ಕ್ಕೆ ಹಾರಿ, 0.225ಕ್ಕೆ ಇಳಿದು ನಿಂತಿತು. ಕ್ರಿಯೆ ಒತ್ತಡದ ಏರಿಕೆಯನ್ನು ತಗ್ಗಿಸಿತು, ಅಳಿಸಲಿಲ್ಲ. ಹಾಗಾಗಿ ಸಿರಿಂಜನ್ನು ಪಕ್ಕದಿಂದ ನೋಡಿದರೆ ಮೊದಲಿಗಿಂತ ಗಾಢವಾಗಿಯೇ ಉಳಿಯುತ್ತದೆ. "ತೆಳುವಾಗುತ್ತದೆ" ಎಂದವರು ಎಡಕ್ಕೆ ಸರಿಯುವುದನ್ನು ಸರಿಯಾಗಿಯೇ ಹೇಳಿದ್ದರು, ಇಕ್ಕಟ್ಟಾದದ್ದನ್ನು ಮರೆತಿದ್ದರು. ಅವರಿಗೆ ಸಿರಿಂಜನ್ನು ತುದಿಯ ಕಡೆಯಿಂದ, ಉದ್ದಕ್ಕೆ ನೋಡಲು ಹೇಳುತ್ತೇನೆ. ಆಗ ಕಣ್ಣಿಗೆ ಸಿಗುವ ಅನಿಲದ ಉದ್ದವೂ ಅರ್ಧವಾಗಿರುತ್ತದೆ. ಸಾರತೆ ಒಂದೂವರೆ ಪಟ್ಟು, ಉದ್ದ ಅರ್ಧ, ಗುಣಿಸಿದರೆ ಮೊದಲಿನ ಮುಕ್ಕಾಲು ಭಾಗ. ಈ ಕಡೆಯಿಂದ ನಿಜಕ್ಕೂ ತೆಳು. ಸರಿದದ್ದನ್ನು ಮಾತ್ರ ಬೇರೆಮಾಡಿ ತೋರಿಸುವ ನೋಟ ಇದೇ.

ಇಲ್ಲಿ ಇನ್ನೊಂದು ಸಿಕ್ಕು ಇದೆ. ಒತ್ತಿದಾಗ ಬಣ್ಣ ಚಟ್ಟನೆ ಗಾಢವಾಗಿ, ಸ್ವಲ್ಪ ಹೊತ್ತಿನಲ್ಲಿ ತುಸು ಇಳಿಯುತ್ತದೆ. ಆ ಇಳಿಕೆಯೇ ಸಮತೋಲನ ಸರಿಯುವ ದೃಶ್ಯ ಎಂದು ತೋರಿಸುವುದು ರೂಢಿ. ಆದರೆ ಈ ಕ್ರಿಯೆ ಕಣ್ಣಿಗೆ ಕಾಣದಷ್ಟು ವೇಗದ್ದು, ಮೈಕ್ರೋಸೆಕೆಂಡುಗಳ ಲೆಕ್ಕದ್ದು. ಕೈಯಿಂದ ಎಷ್ಟೇ ಜೋರಾಗಿ ಒತ್ತಿದರೂ ಕ್ರಿಯೆ ನಿಮ್ಮ ಜೊತೆಗೇ ಸಾಗುತ್ತಿರುತ್ತದೆ. ನಿಧಾನವಾಗಿ ಇಳಿಯುವುದು ಅನಿಲದ ಬಿಸಿ. ಒತ್ತಿದಾಗ ಅನಿಲ ಕಾಯುತ್ತದೆ, N₂O₄ ಆಗುವಾಗಲೂ ಶಾಖ ಬಿಡುಗಡೆಯಾಗುತ್ತದೆ. ಕಾದಷ್ಟು ಹೊತ್ತು NO₂ ಹೆಚ್ಚಿರುತ್ತದೆ, ಗಾಜಿನ ಮೂಲಕ ಶಾಖ ಹೋದಂತೆ ಬಣ್ಣ ಇಳಿಯುತ್ತದೆ. ಆದ್ದರಿಂದ ಒತ್ತಿ ಹಿಡಿದು ಅನಿಲ ತಣಿಯುವವರೆಗೆ ಕಾದು, ಆಮೇಲೆಯೇ ಹೋಲಿಸಿ.

ಗಾಳಿ ಸೇರಿಸಿದರೆ? ಗಟ್ಟಿ ಪಾತ್ರೆಯಲ್ಲಿ, ಗಾತ್ರ ಬದಲಾಗದಂತೆ ಇನ್ನಷ್ಟು ಗಾಳಿ ತುಂಬಿದರೆ ಒಟ್ಟು ಒತ್ತಡ ಏರುತ್ತದೆ, ಆದರೆ NO₂, N₂O₄ ತಮ್ಮ 0.15ರಲ್ಲೇ ಇರುತ್ತವೆ. Q ಬದಲಾಗದು, ಏನೂ ಸರಿಯದು. ಅದೇ ಗಾಳಿಯನ್ನು ಹಿಡಿಕೆ ಹಿಂದೆ ಸರಿಯಲು ಬಿಟ್ಟು, ಒತ್ತಡ 0.9ರಲ್ಲೇ ಇರುವಂತೆ, ಗಾತ್ರ ಇಮ್ಮಡಿಯಾಗುವಷ್ಟು ತುಂಬಿದರೆ ಎರಡೂ 0.075ಕ್ಕೆ ಇಳಿಯುತ್ತವೆ. Q = 0.075, Kಗಿಂತ ಚಿಕ್ಕದು, ಕ್ರಿಯೆ ಬಲಕ್ಕೆ. ಪ್ರಶ್ನೆಪತ್ರಿಕೆಯಲ್ಲಿ "ಆರ್ಗಾನ್ ಸೇರಿಸಿದಾಗ" ಎಂದಿದ್ದರೆ ಉತ್ತರ ಬರೆಯುವ ಮುನ್ನ ಸ್ಥಿರವಾಗಿರುವುದು ಗಾತ್ರವೋ ಒತ್ತಡವೋ ಎಂದು ಹುಡುಕಿ.

ಸಾರತೆಯದು ಸುಲಭ. ಗಾತ್ರ ಬದಲಾಗದಂತೆ NO₂ ಅನ್ನು 0.10ರಷ್ಟು ಸೇರಿಸಿದರೆ Q = 0.0625 ÷ 0.15, ಸುಮಾರು 0.42, ಎಡಕ್ಕೆ.

ಉಷ್ಣತೆ ಇವಕ್ಕಿಂತ ಬೇರೆ ಜಾತಿ. ಇಲ್ಲಿಯವರೆಗೆ Q ಓಡಿತು, K ನಿಂತಲ್ಲೇ ಇತ್ತು. ಈಗ ಓಡುವುದು K. N₂O₄ ಒಡೆಯುವುದು ಅಂತರುಷ್ಣಕ ಕ್ರಿಯೆ, ಮೋಲ್‌ಗೆ ಸುಮಾರು 57 ಕಿಲೋಜೌಲ್ ಬೇಕು. ಹಾಗಾಗಿ ಕಾಯಿಸಿದರೆ K ದೊಡ್ಡದಾಗುತ್ತದೆ: 50 ಡಿಗ್ರಿಯಲ್ಲಿ ಸುಮಾರು 0.9, ಮಂಜುಗಡ್ಡೆಯ ನೀರಿನಲ್ಲಿ ಸುಮಾರು 0.018. ಮೊದಲಿನದೇ ಮಿಶ್ರಣವನ್ನು ಗಾಜಿನ ಬುರುಡೆಯಲ್ಲಿ ಬೆಸುಗೆ ಹಾಕಿ ಮಂಜಿನಲ್ಲಿಟ್ಟರೆ, ಬರೀ ತಣಿದದ್ದರಿಂದ ಎರಡೂ 0.15ರಿಂದ 0.137ಕ್ಕೆ ಇಳಿಯುತ್ತವೆ, Q ಕೂಡ 0.137. K ಅದಕ್ಕಿಂತ ಎಷ್ಟೋ ಕೆಳಗಿದೆ. ಕ್ರಿಯೆ ಎಡಕ್ಕೆ ಸರಿದು NO₂ ಸುಮಾರು 0.057ಕ್ಕೆ ನಿಲ್ಲುತ್ತದೆ, ಬಣ್ಣ ತೆಳು ಹಳದಿಯಾಗಿ ಕಾಣುತ್ತದೆ. "ಒತ್ತಡ ಹೆಚ್ಚಿಸಿದ್ದರಿಂದ K ಹೆಚ್ಚಿತು" ಎಂದು ಬರೆದ ಉತ್ತರ ಕಂಡರೆ ನಾನು ಆ ಸಾಲಿನ ಕೆಳಗೆ ಗೆರೆ ಎಳೆದು, ಉಷ್ಣತೆ ಬದಲಾಯಿತೇ ಎಂದಷ್ಟೇ ಬರೆಯುತ್ತೇನೆ.

ಮಾಡಿ ನೋಡುವವರಿಗೆ: ಗಾಳಿ ಬೆರೆಸದೆ ಬರೀ ಈ ಅನಿಲವನ್ನೇ ತುಂಬಬೇಡಿ. N₂O₄ ದ್ರವ ಕುದಿಯುವುದೇ 21 ಡಿಗ್ರಿಯಲ್ಲಿ; ಅರ್ಧಕ್ಕೆ ಒತ್ತಿದರೆ ಗೋಡೆಗೆ ಹನಿ ಕೂರುತ್ತದೆ, ಲೆಕ್ಕವೆಲ್ಲ ಕೆಡುತ್ತದೆ. ತೇವವಿದ್ದರೆ NO₂ ನೈಟ್ರಿಕ್ ಆಮ್ಲವಾಗಿ ಕಳೆದುಹೋಗುತ್ತದೆ. ಪರೀಕ್ಷೆ ಸರಳ: ಹಿಡಿಕೆಯನ್ನು ಮತ್ತೆ 50ಕ್ಕೆ ಎಳೆದಾಗ ಮೊದಲಿನ ಬಣ್ಣ ಮರಳಬೇಕು. ಮರಳದಿದ್ದರೆ ಅನಿಲ ಸೋರಿದೆ ಅಥವಾ ನೀರಿಗೆ ಹೋಗಿದೆ. ಇಡೀ ಕೆಲಸ ಫ್ಯೂಮ್ ಹುಡ್ ಒಳಗೇ ನಡೆಯಲಿ. ಈ ಅನಿಲ ಉಸಿರಿಗೆ ಹೋದರೆ ಶ್ವಾಸಕೋಶದಲ್ಲಿ ನೀರು ತುಂಬುವುದು ಗಂಟೆಗಟ್ಟಲೆ ಬಿಟ್ಟು ಕಾಣಿಸಿಕೊಳ್ಳಬಹುದು. ಹಾಗಾಗಿ ಸ್ವಲ್ಪ ಎಳೆದುಕೊಂಡವರು "ಈಗ ಆರಾಮ" ಎಂದರೂ ಮನೆಗೆ ಕಳುಹಿಸದೆ ವೈದ್ಯರಿಗೆ ತೋರಿಸಿ.