ಆಲ್ಫಾ ನೋಡುವ ಮೊದಲು ಉಲ್ಟಾ ಪ್ರಶ್ನೆ ತಿರುಗಿಸಿ

ಸರ್ವೇ ಪ್ರಶ್ನೆಗಳನ್ನು ಕೂಡಿಸಿ ಒಂದು ಸೂಚ್ಯಂಕ ಮಾಡುವಾಗ, ಪ್ರತಿ ಪ್ರಶ್ನೆಯ ಅಂಕ ಉಳಿದ ಪ್ರಶ್ನೆಗಳ ಮೊತ್ತದ ಜೊತೆ ಹೇಗೆ ಹೊಂದುತ್ತದೆ ಅಂತ ಮೊದಲು ನೋಡಿ, ಪ್ರಶ್ನೆಗಳೆಲ್ಲ ಒಟ್ಟಾರೆ ಒಂದಕ್ಕೊಂದು ಎಷ್ಟು ಹೊಂದುತ್ತವೆ ಅಂತ ಹೇಳುವ ಕ್ರಾನ್‌ಬಾಕ್ ಆಲ್ಫಾ ಆಮೇಲೆ. ಚಿಕ್ಕಮಗಳೂರಿನ ಕಾಫಿ ತೋಟದ ಕೆಲಸಗಾರರ ತೃಪ್ತಿಗೆ 1ರಿಂದ 5ರ ಅಳತೆಯ ಐದು ಪ್ರಶ್ನೆ ಇವೆ ಅಂದುಕೊಳ್ಳಿ. ‘ಈ ಕೆಲಸ ಬಿಡಬೇಕು ಅನಿಸುತ್ತದೆ’ ಅನ್ನೋದು ಉಲ್ಟಾ ಪ್ರಶ್ನೆ, ಅದಕ್ಕೆ ಅಂಕ ಜಾಸ್ತಿ ಅಂದರೆ ತೃಪ್ತಿ ಕಡಿಮೆ. ಉಳಿದವುಗಳ ಮೊತ್ತದ ಜೊತೆ ಅದರ ಸಂಬಂಧ ಮೈನಸ್ ಬಂದರೆ ತಿರುಗಿಸಲು ಮರೆತಿದ್ದೀರಿ ಅಂತಲೇ ಲೆಕ್ಕ. 6ರಿಂದ ಅಂಕ ಕಳೆಯಿರಿ, 2 ಇದ್ದದ್ದು 4 ಆಗುತ್ತದೆ. ಉಳಿದವುಗಳ ಮೊತ್ತದಲ್ಲಿ ಆ ಪ್ರಶ್ನೆಯೇ ಸೇರಿರಬಾರದು, ಸೇರಿದರೆ ತನ್ನ ಜೊತೆ ತಾನೇ ಹೊಂದಿಕೊಂಡು ಸಂಬಂಧ ಸುಮ್ನೆ ಜಾಸ್ತಿ ಕಾಣುತ್ತದೆ. ತಿರುಗಿಸಿದ ಮೇಲೂ ಸೊನ್ನೆ ಹತ್ತಿರವೇ ಇದ್ದರೆ ಆ ಪ್ರಶ್ನೆ ಬೇರೇನನ್ನೋ ಅಳೆಯುತ್ತಿರಬಹುದು. ಆದರೆ ಪ್ರಶ್ನೆ ಓದಿ ಹೇಳಿದಾಗ ಜನ ಎಲ್ಲದಕ್ಕೂ ‘ಹೌದು’ ಅಂದಿದ್ದರೆ ಈ ಉಪಾಯ ನಡೆಯಲ್ಲ, ಒಳ್ಳೆಯ ಪ್ರಶ್ನೆಯೂ ಕೆಟ್ಟದಾಗಿ ಕಾಣುತ್ತದೆ.